ಗಡಿಯಾರವೇ ರೋಧಕವಾಗುವ ಬಗೆ: ಸ್ವಿಚ್-ಧಾರಕ ಶೋಧಕಗಳಲ್ಲಿ ಕಡಿತ ಆವೃತ್ತಿಯ ನಿರ್ಣಯ

ದೂರವಾಣಿಯಲ್ಲಿ ಮಾತನಾಡುವಾಗ ‘ಸ’ಕಾರವು ಮಂಕಾಗಿ ಕೇಳಿಸುವುದು ಎಲ್ಲರ ಅನುಭವಕ್ಕೂ ಬಂದಿರುವ ಸಂಗತಿ. ‘ಶ’ಕಾರವು ಅಷ್ಟಾಗಿ ಕೆಡುವುದಿಲ್ಲ, ‘ಸ’ಕಾರ ಮಾತ್ರ ತನ್ನ ಹರಿತವನ್ನು ಕಳೆದುಕೊಳ್ಳುತ್ತದೆ. ಇದಕ್ಕೆ ಕಾರಣ ಧ್ವನಿಶಾಸ್ತ್ರದಲ್ಲಿಯೂ ಇದೆ, ವಿದ್ಯುನ್ಮಾನ ಶಾಸ್ತ್ರದಲ್ಲಿಯೂ ಇದೆ. ದಂತ್ಯ ಸಕಾರದ ಶಕ್ತಿಯ ಹೆಚ್ಚಿನ ಭಾಗವು ಸೆಕೆಂಡಿಗೆ 4,000 ಕಂಪನಗಳಿಗಿಂತ ಮೇಲಿನ ಆವೃತ್ತಿಗಳಲ್ಲಿ ನೆಲಸಿರುತ್ತದೆ. ಸಾಂಪ್ರದಾಯಿಕ ದೂರವಾಣಿ ವ್ಯವಸ್ಥೆಯಾದರೋ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ ಸಾಗಿಸುತ್ತದೆ. ಆ ಮೇಲಂಚಿನ ಆಚೆಗಿರುವುದನ್ನು ಉದ್ದೇಶಪೂರ್ವಕವಾಗಿಯೇ ಕತ್ತರಿಸಿ ಹಾಕಲಾಗುತ್ತದೆ. ಕತ್ತರಿಸುವ ಸಾಧನಕ್ಕೆ ಶೋಧಕ ಅಥವಾ ಫಿಲ್ಟರ್ ಎಂದೂ, ಕತ್ತರಿಕೆ ಆರಂಭವಾಗುವ ಎಲ್ಲೆಗೆ ಕಡಿತ ಆವೃತ್ತಿ ಎಂದೂ ಹೆಸರು.

ಈ ಎಲ್ಲೆ ಅತ್ತಿತ್ತ ಸರಿದರೆ ಆಗುವ ಹಾನಿ ಸಣ್ಣದಲ್ಲ. ಅಂಕೀಯ ದೂರವಾಣಿ ಕೇಂದ್ರದಲ್ಲಿ ಧ್ವನಿಯ ಮಾದರಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು ಸಂಖ್ಯೆಯಾಗಿಸುತ್ತಾರೆ. ಹಾಗೆ ಅಳೆಯುವಾಗ 4,000 ಹರ್ಟ್ಸ್‌ಗಿಂತ ಮೇಲಿನ ಸ್ವರಗಳು ಉಳಿದುಕೊಂಡಿದ್ದರೆ ಅವು ಮಡಿಚಿಕೊಂಡು ಕೆಳಗಿನ ಆವೃತ್ತಿಗಳ ವೇಷದಲ್ಲಿ ಮರಳಿ ಬರುತ್ತವೆ. 5,000 ಹರ್ಟ್ಸ್‌ನ ಸ್ವರವು 3,000 ಹರ್ಟ್ಸ್‌ನ ಸ್ವರವಾಗಿ ಕೇಳಿಸುತ್ತದೆ. ಒಮ್ಮೆ ಹೀಗೆ ಬೆರೆತುದನ್ನು ಮತ್ತೆ ಬೇರ್ಪಡಿಸಲು ಯಾವ ಉಪಾಯವೂ ಇಲ್ಲ. ಆದುದರಿಂದ ಕಡಿತ ಆವೃತ್ತಿ ಮೇಲಕ್ಕೆ ಸರಿದರೆ ಮಾತಿನಲ್ಲಿ ಕರ್ಕಶತೆ ಸೇರಿಕೊಳ್ಳುತ್ತದೆ. ಕೆಳಕ್ಕೆ ಸರಿದರೆ ವ್ಯಂಜನಗಳು ಇನ್ನಷ್ಟು ಅಳಿಯುತ್ತವೆ. ಸಿ-ಡಾಟ್ ಸಂಸ್ಥೆಯು ರೂಪಿಸಿದ ಗ್ರಾಮೀಣ ಅಂಕೀಯ ದೂರವಾಣಿ ಕೇಂದ್ರವು 1986ರಲ್ಲಿ ಕರ್ನಾಟಕದ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತು. ಅಂತಹ ಕೇಂದ್ರಗಳಲ್ಲಿ ಪ್ರತಿಯೊಬ್ಬ ಚಂದಾದಾರನ ತಂತಿಗೂ ಇಂತಹ ಒಂದು ಶೋಧಕ ಅಗತ್ಯ. ಸಾವಿರಾರು ತಂತಿಗಳಿಗೆ ಸಾವಿರಾರು ಶೋಧಕಗಳು ಬೇಕು. ಅವೆಲ್ಲವೂ ಅಗ್ಗವಾಗಿರಬೇಕು, ಉಗುರಿನಗಲದ ಸಿಲಿಕಾನ್ ಬಿಲ್ಲೆಯೊಳಗೆ ಅಡಕವಾಗಿರಬೇಕು, ಮತ್ತು ಎಲ್ಲವೂ 3,400 ಹರ್ಟ್ಸ್‌ನಲ್ಲಿಯೇ ಕತ್ತರಿಸಬೇಕು. ಈ ಮೂರು ಬೇಡಿಕೆಗಳನ್ನು ಒಟ್ಟಿಗೆ ಪೂರೈಸಿದ ಯುಕ್ತಿಯೇ ಸ್ವಿಚ್-ಧಾರಕ ಮಂಡಲ.

ಮೊದಲು ಹಳೆಯ ವಿಧಾನವನ್ನು ನೋಡಬೇಕು. ಅತ್ಯಂತ ಸರಳವಾದ ಶೋಧಕದಲ್ಲಿ ಎರಡೇ ಅಂಗಗಳು: ಒಂದು ರೋಧಕ, ಇನ್ನೊಂದು ಧಾರಕ, ಅಂದರೆ ಕೆಪ್ಯಾಸಿಟರ್. ರೋಧಕದ ಮೂಲಕ ಹರಿದ ವಿದ್ಯುತ್ತು ಧಾರಕವನ್ನು ತುಂಬುತ್ತದೆ. ನಿಧಾನವಾದ ಏರಿಳಿತಗಳನ್ನು ಧಾರಕವು ಹಿಂಬಾಲಿಸಬಲ್ಲದು. ವೇಗದ ಏರಿಳಿತಗಳಿಗೆ ಅದು ತುಂಬುವ ಮೊದಲೇ ಬರಿದಾಗಬೇಕಾಗುವುದರಿಂದ ಅವು ಅಡಗಿಹೋಗುತ್ತವೆ. ಇದರ ಕಡಿತ ಆವೃತ್ತಿಯನ್ನು ಕೆಳಗಿನ ಸೂತ್ರ ತಿಳಿಸುತ್ತದೆ.

fc = 1 / (2π R C)

ಇಲ್ಲಿ R ಎಂಬುದು ರೋಧ, C ಎಂಬುದು ಧಾರಕತೆ. ಸಿಲಿಕಾನ್ ಬಿಲ್ಲೆಯ ಮೇಲೆ ಧಾರಕಕ್ಕೆ ಬಹಳ ಜಾಗ ಕೊಡಲಾಗುವುದಿಲ್ಲ. 10 ಪಿಕೋಫ್ಯಾರಡ್ ಎಂದರೆ ಒಂದು ಸಾಧಾರಣ ಗಾತ್ರ. ಅದರೊಡನೆ 3,400 ಹರ್ಟ್ಸ್ ಪಡೆಯಲು ಸುಮಾರು 46.8 ಲಕ್ಷ ಓಮ್‌ಗಳ ರೋಧ ಬೇಕಾಗುತ್ತದೆ. ಬಿಲ್ಲೆಯ ಮೇಲೆ ರೋಧಕವನ್ನು ಪಾಲಿಸಿಲಿಕಾನ್ ಎಂಬ ಪದರದ ಕಿರಿದಾದ ಪಟ್ಟಿಯಿಂದ ಮಾಡುತ್ತಾರೆ. ಈ ಪದರದ ಒಂದು ಚೌಕಕ್ಕೆ 30 ಓಮ್ ರೋಧವಿದೆಯೆಂದು ಹಿಡಿದರೆ, ಬೇಕಾದ ಮೊತ್ತಕ್ಕೆ 1,56,000 ಚೌಕಗಳನ್ನು ಸಾಲಾಗಿ ಜೋಡಿಸಬೇಕು. ಪಟ್ಟಿಯ ಅಗಲ 5 ಮೈಕ್ರಾನ್ ಇದ್ದರೂ ಅದರ ಉದ್ದ 78 ಸೆಂಟಿಮೀಟರ್ ಆಗುತ್ತದೆ. ಕೆಲವೇ ಮಿಲಿಮೀಟರ್ ಅಗಲದ ಬಿಲ್ಲೆಯಲ್ಲಿ ಒಂದೇ ಒಂದು ರೋಧಕಕ್ಕಾಗಿ ಇಷ್ಟುದ್ದದ ಪಟ್ಟಿಯನ್ನು ಸುತ್ತಿಡುವುದು ಪ್ರಾಯೋಗಿಕವಲ್ಲ.

ಜಾಗದ ತೊಡಕಿಗಿಂತ ದೊಡ್ಡದು ನಿಖರತೆಯ ತೊಡಕು. ಪದರದ ದಪ್ಪ, ಅದರಲ್ಲಿ ಬೆರೆಸಿದ ಕಲ್ಮಶದ ಪ್ರಮಾಣ ಮುಂತಾದವು ಒಂದು ತಯಾರಿಕೆಯ ಸರದಿಯಿಂದ ಇನ್ನೊಂದಕ್ಕೆ ಬದಲಾಗುತ್ತವೆ. ರೋಧವು ಶೇಕಡ 20ರಷ್ಟು, ಧಾರಕತೆಯು ಶೇಕಡ 10ರಷ್ಟು ಅತ್ತಿತ್ತ ಆಗುವುದು ಅಸಾಮಾನ್ಯವೇನಲ್ಲ. ಇವೆರಡನ್ನೂ ರೂಪಿಸುವ ಹಂತಗಳು ಬೇರೆ ಬೇರೆಯಾದುದರಿಂದ ಒಂದರ ತಪ್ಪು ಇನ್ನೊಂದರ ತಪ್ಪನ್ನು ಸರಿದೂಗಿಸುತ್ತದೆ ಎಂಬ ಭರವಸೆ ಇಲ್ಲ. ಎರಡೂ ಹೆಚ್ಚಾದರೆ ಕಡಿತ ಆವೃತ್ತಿ 2,576 ಹರ್ಟ್ಸ್‌ಗೆ ಇಳಿಯುತ್ತದೆ. ಎರಡೂ ಕಡಿಮೆಯಾದರೆ 4,722 ಹರ್ಟ್ಸ್‌ಗೆ ಏರುತ್ತದೆ. ಮೊದಲನೆಯ ಶೋಧಕ ವ್ಯಂಜನಗಳನ್ನು ನುಂಗುತ್ತದೆ, ಎರಡನೆಯದು ಮಡಿಕೆಯ ಕರ್ಕಶತೆಯನ್ನು ಒಳಬಿಡುತ್ತದೆ.

ಈಗ ರೋಧಕವನ್ನು ತೆಗೆದುಹಾಕಿ ಅದರ ಸ್ಥಾನದಲ್ಲಿ ಒಂದು ಚಿಕ್ಕ ಧಾರಕವನ್ನೂ ಎರಡು ಸ್ವಿಚ್ಚುಗಳನ್ನೂ ಇಡೋಣ. ಚಿಕ್ಕ ಧಾರಕವನ್ನು C1 ಎಂದೂ ಮೊದಲಿದ್ದ ದೊಡ್ಡ ಧಾರಕವನ್ನು C2 ಎಂದೂ ಕರೆಯಬಹುದು. ಮೊದಲ ಸ್ವಿಚ್ಚು C1 ಅನ್ನು ಒಳಬರುವ ಸಂಕೇತಕ್ಕೆ ಸೇರಿಸುತ್ತದೆ. ಎರಡನೆಯದು ಅದನ್ನು C2ಗೆ ಸೇರಿಸುತ್ತದೆ. ಎರಡೂ ಸರದಿಯಂತೆ ತೆರೆದು ಮುಚ್ಚುತ್ತವೆ. ಕೆರೆಯಿಂದ ಕೊಡದಲ್ಲಿ ನೀರು ಹೊತ್ತು ತೊಟ್ಟಿಗೆ ಸುರಿಯುವ ಕೆಲಸಕ್ಕೆ ಇದನ್ನು ಹೋಲಿಸಬಹುದು. ಕಾಲುವೆ ಇಲ್ಲ, ಹರಿವಿಲ್ಲ. ಆದರೆ ಕೊಡಗಳ ಓಡಾಟ ಬಿಡುವಿಲ್ಲದೆ ನಡೆದರೆ, ದಿನದ ಕೊನೆಗೆ ಲೆಕ್ಕ ಹಾಕುವವನಿಗೆ ಒಂದು ಸಣ್ಣ ಕಾಲುವೆ ಹರಿದಷ್ಟೇ ನೀರು ಬಂದಿರುತ್ತದೆ. ಕೊಡ ದೊಡ್ಡದಾದರೆ ಕಾಲುವೆ ಅಗಲವಾದಂತೆ. ಓಡಾಟ ಚುರುಕಾದರೂ ಕಾಲುವೆ ಅಗಲವಾದಂತೆಯೇ.

ಲೆಕ್ಕವನ್ನು ಹೀಗೆ ಬಿಡಿಸಬಹುದು. ಎರಡು ಬದಿಗಳ ನಡುವಿನ ವಿಭವಾಂತರ V ಆಗಿದ್ದರೆ, ಒಂದು ಓಡಾಟದಲ್ಲಿ C1 ಹೊತ್ತೊಯ್ಯುವ ವಿದ್ಯುದಾವೇಶ C1 × V. ಸೆಕೆಂಡಿಗೆ f ಓಡಾಟಗಳು ನಡೆದರೆ ಸೆಕೆಂಡಿಗೆ ಸಾಗಿದ ಆವೇಶ C1 × V × f. ಸೆಕೆಂಡಿಗೆ ಸಾಗುವ ಆವೇಶವೆಂದರೆ ಪ್ರವಾಹವೇ ಅಲ್ಲವೆ? ವಿಭವಾಂತರವನ್ನು ಪ್ರವಾಹದಿಂದ ಭಾಗಿಸಿದರೆ ಬರುವುದು ರೋಧ.

R = 1 / (f C1)

ಇದೇ ಸ್ವಿಚ್-ಧಾರಕದ ಸಮಾನ ರೋಧ. ಗಡಿಯಾರದ ಆವೃತ್ತಿ 1,28,000 ಹರ್ಟ್ಸ್, C1ನ ಬೆಲೆ 1.67 ಪಿಕೋಫ್ಯಾರಡ್ ಎಂದಿಟ್ಟುಕೊಂಡರೆ ಸಮಾನ ರೋಧ ಸುಮಾರು 46.8 ಲಕ್ಷ ಓಮ್ ಆಗುತ್ತದೆ. ಮುಕ್ಕಾಲು ಮೀಟರಿಗೂ ಮಿಗಿಲಾದ ಪಟ್ಟಿಯ ಕೆಲಸವನ್ನು ಮೈಕ್ರಾನ್‌ಗಳಲ್ಲಿ ಅಳೆಯಬಹುದಾದ ಒಂದು ಪುಟ್ಟ ಧಾರಕ ಮಾಡಿ ಮುಗಿಸುತ್ತದೆ. ಧಾರಕ ಚಿಕ್ಕದಾದಷ್ಟೂ ರೋಧ ದೊಡ್ಡದಾಗುತ್ತದೆ ಎಂಬುದು ಬಿಲ್ಲೆಯ ವಿನ್ಯಾಸಕನ ಪಾಲಿಗೆ ಬಂದ ಅದೃಷ್ಟವೇ ಸರಿ.

ಈ ಸಮಾನತೆಯ ಅರಿವು ಹೊಸದಲ್ಲ. ಬೇಗ ಬೇಗನೆ ತುಂಬಿ ಬರಿದಾಗುವ ಧಾರಕವು ರೋಧದಂತೆ ವರ್ತಿಸುತ್ತದೆ ಎಂಬುದನ್ನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1873ರಲ್ಲಿ ಪ್ರಕಟವಾದ ತನ್ನ ವಿದ್ಯುತ್ಕಾಂತ ಶಾಸ್ತ್ರದ ಮಹಾಗ್ರಂಥದಲ್ಲಿಯೇ ವಿವೇಚಿಸಿದ್ದ. ಆದರೆ ಅದು ಬಿಲ್ಲೆಯ ಮೇಲೆ ನೆಲೆಗೊಳ್ಳಲು ಮಾಸ್ ಟ್ರಾನ್ಸಿಸ್ಟರ್ ಎಂಬ ಉತ್ತಮ ಸ್ವಿಚ್ಚು ಬರಬೇಕಾಯಿತು. 1972ರಲ್ಲಿ ಫ್ರೀಡ್ ಎಂಬಾತ ಈ ಬಗೆಯ ಶೋಧಕವನ್ನು ನಿರೂಪಿಸಿದ. 1977ರಲ್ಲಿ ಬರ್ಕ್ಲಿಯ ಹಾಸ್ಟಿಕಾ, ಬ್ರಾಡರ್ಸನ್ ಮತ್ತು ಗ್ರೇ ಅವರೂ, ಕೆನಡಾದ ಕೇವ್ಸ್ ಮತ್ತು ಸಂಗಡಿಗರೂ ಬಿಲ್ಲೆಯ ಮೇಲೆ ಅದನ್ನು ಸಾಧಿಸುವ ಮಾರ್ಗವನ್ನು ಪ್ರಕಟಿಸಿದರು.

ಈಗ ಮುಖ್ಯ ಪ್ರಶ್ನೆಗೆ ಬರಬಹುದು. ಧಾರಕತೆಯೂ ಶೇಕಡ 10ರಷ್ಟು ತಪ್ಪಬಹುದಾದರೆ ಈ ಯುಕ್ತಿಯಿಂದ ನಿಖರತೆ ಎಲ್ಲಿಂದ ಬಂತು? ಸಮಾನ ರೋಧವನ್ನು ಮೊದಲಿನ ಸೂತ್ರದಲ್ಲಿ ಇಟ್ಟು ನೋಡಿದರೆ ಉತ್ತರ ದೊರೆಯುತ್ತದೆ.

fc = (f / 2π) × (C1 / C2)

ಧಾರಕತೆಯ ಬೆಲೆ ಎಲ್ಲಿಯೂ ಒಂಟಿಯಾಗಿ ಉಳಿದಿಲ್ಲ. ಎರಡು ಧಾರಕಗಳ ಅನುಪಾತ ಮಾತ್ರ ಉಳಿದಿದೆ. ಕುಂಬಾರನು ಒಂದೇ ಮಣ್ಣಿನಿಂದ ಒಂದು ಚಿಕ್ಕ ಮಡಕೆಯನ್ನೂ ಅದರ ಆರರಷ್ಟು ಹಿಡಿಯುವ ಒಂದು ದೊಡ್ಡ ಮಡಕೆಯನ್ನೂ ಮಾಡಿ ಒಂದೇ ಆವಿಗೆಯಲ್ಲಿ ಸುಟ್ಟರೆ, ಬೆಂಕಿಗೆ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗುತ್ತವೆ. ಪ್ರತಿಯೊಂದರ ಅಳತೆಯೂ ಉದ್ದೇಶಿಸಿದ್ದಕ್ಕಿಂತ ಬೇರೆಯಾಗಿರಬಹುದು, ಆದರೆ ದೊಡ್ಡದರಲ್ಲಿ ಚಿಕ್ಕದು ಆರು ಬಾರಿ ಹಿಡಿಯುವುದು ತಪ್ಪುವುದಿಲ್ಲ. ಒಂದೇ ಬಿಲ್ಲೆಯ ಮೇಲೆ, ಒಂದೇ ಆಕ್ಸೈಡ್ ಪದರದಿಂದ, ಅಕ್ಕಪಕ್ಕದಲ್ಲಿ ರೂಪುಗೊಂಡ ಧಾರಕಗಳ ಸ್ಥಿತಿಯೂ ಇದೇ. ದೊಡ್ಡದನ್ನು ಒಂದು ದೊಡ್ಡ ಫಲಕವಾಗಿ ಮಾಡದೆ, ಚಿಕ್ಕದರ ತದ್ರೂಪಗಳನ್ನೇ ಬೇಕಾದಷ್ಟು ಜೋಡಿಸುವುದು ವಾಡಿಕೆ. ಅಂಚುಗಳಲ್ಲಿ ಆಗುವ ಕೊರೆತವೂ ಆಗ ಎಲ್ಲ ಘಟಕಗಳಿಗೂ ಸಮನಾಗುತ್ತದೆ. ಹೀಗೆ ಎಚ್ಚರಿಕೆಯಿಂದ ಮಾಡಿದಾಗ ಅನುಪಾತದ ತಪ್ಪನ್ನು ಶೇಕಡ ಒಂದರ ಒಳಗೆ, ಉತ್ತಮ ವಿನ್ಯಾಸದಲ್ಲಿ ಸಾವಿರಕ್ಕೆ ಒಂದರ ಆಸುಪಾಸಿಗೆ ತರಬಹುದು. ಇನ್ನುಳಿದುದು ಗಡಿಯಾರದ ಆವೃತ್ತಿ. ಅದನ್ನು ಕ್ವಾರ್ಟ್ಸ್ ಹರಳು ನಿರ್ಧರಿಸುತ್ತದೆ; ಅದರ ತಪ್ಪು ಹತ್ತು ಲಕ್ಷಕ್ಕೆ ಕೆಲವು ಹತ್ತುಗಳು ಮಾತ್ರ. ತಾಪ ಏರಿಳಿದರೂ ಅನುಪಾತ ಹೆಚ್ಚುಕಡಮೆ ಹಾಗೆಯೇ ನಿಲ್ಲುತ್ತದೆ.

ಸೂತ್ರದ ಎರಡನೆಯ ಫಲ ಇನ್ನೂ ಸ್ವಾರಸ್ಯಕರ. ಅನುಪಾತವು ಬಿಲ್ಲೆಯಲ್ಲಿ ಕೆತ್ತಿದಂತೆ ಸ್ಥಿರವಾಗಿದ್ದರೂ ಗಡಿಯಾರವನ್ನು ಬದಲಾಯಿಸಬಹುದು. ಗಡಿಯಾರದ ವೇಗ ಇಮ್ಮಡಿಯಾದರೆ ಕಡಿತ ಆವೃತ್ತಿಯೂ ಇಮ್ಮಡಿಯಾಗುತ್ತದೆ. ಶೋಧಕದಲ್ಲಿ ಎಂಟು ಹಂತಗಳಿದ್ದರೂ ಎಲ್ಲವೂ ಒಟ್ಟಿಗೆ ಸರಿಯುತ್ತವೆಯಾದ್ದರಿಂದ ಅದರ ಒಟ್ಟು ಆಕಾರ ಕೆಡುವುದಿಲ್ಲ. 1980ರ ದಶಕದಲ್ಲಿ ನ್ಯಾಷನಲ್ ಸೆಮಿಕಂಡಕ್ಟರ್ ಸಂಸ್ಥೆಯ ಎಂಎಫ್ 10 ಎಂಬ ಬಿಲ್ಲೆ ಈ ಗುಣದಿಂದಲೇ ಪ್ರಯೋಗಶಾಲೆಗಳಲ್ಲಿ ಪರಿಚಿತವಾಯಿತು. ಅದರಲ್ಲಿ ಗಡಿಯಾರಕ್ಕೂ ಶೋಧಕದ ಆವೃತ್ತಿಗೂ ಇರುವ ಅನುಪಾತವನ್ನು 50 ಅಥವಾ 100 ಎಂದು ಆರಿಸಿಕೊಳ್ಳಬಹುದು. 100 ಎಂದು ಆರಿಸಿದರೆ 1,00,000 ಹರ್ಟ್ಸ್ ಗಡಿಯಾರಕ್ಕೆ 1,000 ಹರ್ಟ್ಸ್, 3,40,000 ಹರ್ಟ್ಸ್ ಗಡಿಯಾರಕ್ಕೆ 3,400 ಹರ್ಟ್ಸ್.

ಆದರೆ ಸಮಾನ ರೋಧವೆಂಬುದು ಒಂದು ಸನ್ನಿಹಿತ ಕಲ್ಪನೆ ಎಂಬುದನ್ನು ಮರೆಯಬಾರದು. ಇದನ್ನು ಮರೆತು ಸೂತ್ರವನ್ನು ಕುರುಡಾಗಿ ನಂಬಿದರೆ ಎಷ್ಟು ತಪ್ಪಾಗುತ್ತದೆಂಬುದನ್ನು ಮೇಲಿನ ಉದಾಹರಣೆಯಲ್ಲಿಯೇ ಕಾಣಬಹುದು. 1,28,000 ಹರ್ಟ್ಸ್ ಗಡಿಯಾರಕ್ಕೆ C1 ಒಂದು ಘಟಕ, C2 ಆರು ಘಟಕ ಎಂದು ಇಟ್ಟರೆ ಸೂತ್ರದ ಪ್ರಕಾರ ಕಡಿತ ಆವೃತ್ತಿ 3,395 ಹರ್ಟ್ಸ್ ಆಗಬೇಕು. ಈಗ C2 ಬರಿದಾಗಿದೆಯೆಂದೂ ಒಳಗಡೆ ಒಂದು ವೋಲ್ಟ್ ಇದೆಯೆಂದೂ ಭಾವಿಸಿ ಮೊದಲ ಓಡಾಟವನ್ನು ನೋಡೋಣ. C1 ಒಂದು ವೋಲ್ಟಿಗೆ ತುಂಬಿ ಬಂದು C2ಗೆ ಸೇರಿದಾಗ, ಹೊತ್ತು ತಂದ ಆವೇಶವನ್ನು ಪೂರ್ತಿಯಾಗಿ ಸುರಿಯುವುದಿಲ್ಲ. ಎರಡೂ ಒಂದೇ ಮಟ್ಟಕ್ಕೆ ಬರುವವರೆಗೆ ಮಾತ್ರ ಹರಿದು, ಉಳಿದುದು C1ನಲ್ಲಿಯೇ ನಿಲ್ಲುತ್ತದೆ. ಒಂದು ಪಾಲು ಆವೇಶವು ಏಳು ಪಾಲು ಪಾತ್ರೆಯಲ್ಲಿ ಹರಡಿದಾಗ ಮಟ್ಟ ಏಳನೆಯ ಒಂದು, ಅಂದರೆ 0.143 ವೋಲ್ಟ್. ಅದೇ ಅವಧಿಯಲ್ಲಿ ನಿಜವಾದ ರೋಧಕವೊಂದು ಇದ್ದಿದ್ದರೆ ಮಟ್ಟವು 0.154 ವೋಲ್ಟಿಗೆ ಏರುತ್ತಿತ್ತು. ಪ್ರತಿ ಹೆಜ್ಜೆಯಲ್ಲಿಯೂ ಹೀಗೆ ಸ್ವಲ್ಪ ಹಿಂದುಳಿಯುವುದರಿಂದ ಶೋಧಕವು ನಿಧಾನವಾಗುತ್ತದೆ. ಹೆಜ್ಜೆ ಹೆಜ್ಜೆಯ ಲೆಕ್ಕದಿಂದ ನೋಡಿದರೆ ನಿಜವಾದ ಕಡಿತ ಆವೃತ್ತಿ 3,147 ಹರ್ಟ್ಸ್. ಸೂತ್ರವು ಹೇಳಿದ್ದಕ್ಕಿಂತ ಶೇಕಡ 7ಕ್ಕೂ ಹೆಚ್ಚು ಕಡಿಮೆ.

ಇದು ತಯಾರಿಕೆಯ ದೋಷವಲ್ಲ. ಸಾವಿರ ಬಿಲ್ಲೆಗಳನ್ನು ಪರೀಕ್ಷಿಸಿದರೂ ಎಲ್ಲದರಲ್ಲಿಯೂ ಇದೇ ತಪ್ಪು ಸಿಗುತ್ತದೆ. ಆದುದರಿಂದಲೇ ಇದನ್ನು ಮೊದಲೇ ಎಣಿಸಿ ತಿದ್ದಬಹುದು. ಮೇಲಿನ ಹೋಲಿಕೆಯೇ ದಾರಿ ತೋರಿಸುತ್ತದೆ: ಒಂದು ಹೆಜ್ಜೆಗೆ 0.154ರಷ್ಟು ಏರಿಕೆ ಬರುವಂತೆ ಅನುಪಾತವನ್ನು ಆರಿಸಬೇಕು. C1ಗೆ 2 ಘಟಕ, C2ಗೆ 11 ಘಟಕ ಕೊಟ್ಟರೆ ಏರಿಕೆ ಹದಿಮೂರರಲ್ಲಿ ಎರಡು, ಅಂದರೆ 0.154. ಆಗ ಕಡಿತ ಆವೃತ್ತಿ 3,411 ಹರ್ಟ್ಸ್ ಆಗಿ, ಗುರಿಯಿಂದ ಸಾವಿರಕ್ಕೆ ಮೂರರಷ್ಟು ಮಾತ್ರ ದೂರ ಉಳಿಯುತ್ತದೆ. ಇನ್ನೊಂದು ಮಾರ್ಗವೆಂದರೆ ಗಡಿಯಾರವನ್ನು ನಾಲ್ಕು ಪಟ್ಟು ವೇಗಗೊಳಿಸಿ ಅನುಪಾತವನ್ನು 1:24ಕ್ಕೆ ಏರಿಸುವುದು. ಆಗ ಸೂತ್ರದ ತಪ್ಪು ತಾನಾಗಿಯೇ ಸುಮಾರು ಶೇಕಡ 2ಕ್ಕೆ ಇಳಿಯುತ್ತದೆ, ಆದರೆ ಧಾರಕಗಳು ಹೆಚ್ಚು ಜಾಗ ಬೇಡುತ್ತವೆ. ಒಟ್ಟಿನಲ್ಲಿ, ಗಡಿಯಾರವು ಸಂಕೇತಕ್ಕಿಂತ ಬಹುಪಾಲು ವೇಗವಾಗಿರುವಾಗ ಮಾತ್ರ ಸಮಾನ ರೋಧದ ಕಲ್ಪನೆ ನೇರವಾಗಿ ಸಲ್ಲುತ್ತದೆ. ಉಳಿದೆಡೆ ಅದನ್ನು ಮೊದಲ ಅಂದಾಜೆಂದು ಮಾತ್ರ ತಿಳಿಯಬೇಕು.

ಎರಡು ಸ್ವಿಚ್ಚುಗಳು ಒಂದು ಕ್ಷಣವೂ ಒಟ್ಟಿಗೆ ಮುಚ್ಚಿರಬಾರದು ಎಂಬುದು ಇನ್ನೊಂದು ಕಟ್ಟಳೆ. ಹಾಗಾದರೆ ಸಂಕೇತವು ಧಾರಕದ ಅಳತೆಗೆ ಸಿಗದೆ ನೇರವಾಗಿ C2ಗೆ ನುಗ್ಗುತ್ತದೆ. ಇದಕ್ಕಾಗಿ ಗಡಿಯಾರವನ್ನು ಎರಡು ಸರದಿಗಳಾಗಿ ಒಡೆದು, ನಡುವೆ ಎರಡೂ ತೆರೆದಿರುವ ಕಿರು ಬಿಡುವನ್ನು ಇರಿಸುತ್ತಾರೆ. ಇದಲ್ಲದೆ ಪ್ರತಿ ಧಾರಕದ ಫಲಕಕ್ಕೂ ಕೆಳಗಿನ ಸಿಲಿಕಾನ್‌ಗೂ ನಡುವೆ ಬೇಡದ ಧಾರಕತೆಯೊಂದು ಅಂಟಿಕೊಂಡಿರುತ್ತದೆ. 1.67 ಪಿಕೋಫ್ಯಾರಡ್‌ನ C1ಗೆ ಬೇಡದ 0.1 ಪಿಕೋಫ್ಯಾರಡ್ ಸೇರಿದರೂ ಶೇಕಡ 6ರಷ್ಟು ತಪ್ಪಾಗುತ್ತದೆ. ಆದುದರಿಂದ ನಿಜವಾದ ಬಿಲ್ಲೆಗಳಲ್ಲಿ ಎರಡರ ಬದಲು ನಾಲ್ಕು ಸ್ವಿಚ್ಚುಗಳನ್ನು ಬಳಸಿ C1ನ ಎರಡೂ ಫಲಕಗಳನ್ನು ತಿರುಗಿಸುತ್ತಾರೆ, ಮತ್ತು C2 ಅನ್ನು ಒಂದು ವರ್ಧಕದ ಸುತ್ತ ಕಟ್ಟುತ್ತಾರೆ. ಆಗ ಬೇಡದ ಧಾರಕತೆಯು ತುಂಬಿದರೂ ಅದರ ಆವೇಶ C2ನ ಲೆಕ್ಕಕ್ಕೆ ಸೇರುವುದಿಲ್ಲ.

ಕೊನೆಯದಾಗಿ, ಮಾದರಿ ತೆಗೆದು ಸಾಗಿಸುವ ಯಾವ ಸಾಧನವೂ ಮಡಿಕೆಯ ದೋಷದಿಂದ ಮುಕ್ತವಲ್ಲ. ದೂರವಾಣಿಯಲ್ಲಿ ಮಡಿಕೆಯನ್ನು ತಡೆಯಲೆಂದೇ ಇಟ್ಟ ಈ ಶೋಧಕವೂ ತನ್ನ ಗಡಿಯಾರದ ಸುತ್ತ ಮಡಿಕೆಗೆ ಒಳಗಾಗುತ್ತದೆ. 1,27,000 ಹರ್ಟ್ಸ್‌ನ ಗದ್ದಲವು ಒಳಬಂದರೆ 1,28,000 ಹರ್ಟ್ಸ್ ಗಡಿಯಾರದ ಶೋಧಕದಲ್ಲಿ ಅದು 1,000 ಹರ್ಟ್ಸ್‌ನ ಸ್ವರವಾಗಿ ಹೊರಬರುತ್ತದೆ. ಇದಕ್ಕೆ ಪರಿಹಾರ, ಮುಂದೆ ಒಂದು ಹಳೆಯ ಬಗೆಯ ರೋಧಕ-ಧಾರಕ ಶೋಧಕವನ್ನೇ ಕಾವಲಿಗೆ ನಿಲ್ಲಿಸುವುದು. ಅದರ ಕಡಿತ ಆವೃತ್ತಿ 20,000 ಹರ್ಟ್ಸ್ ಆಸುಪಾಸಿನಲ್ಲಿದ್ದರೆ ಸಾಕು. ಅದು ಶೇಕಡ 30ರಷ್ಟು ತಪ್ಪಿದರೂ 3,400 ಹರ್ಟ್ಸ್‌ನ ಮಾತಿಗೆ ಆಗುವ ನಷ್ಟ ಶೇಕಡ 3ನ್ನು ಮೀರುವುದಿಲ್ಲ. ನಿಖರತೆಯ ಹೊರೆ ಗಡಿಯಾರದ ಮೇಲಿದೆ, ಒರಟು ಕೆಲಸ ಮಾತ್ರ ರೋಧಕದ ಪಾಲಿಗೆ ಉಳಿದಿದೆ.

ಹೊರಬರುವ ಸಂಕೇತದಲ್ಲಿ ಕಾಣುವ ಸ್ವರವೊಂದು ನಿಜವೋ ಮಡಿಕೆಯಿಂದ ಬಂದದ್ದೋ ಎಂಬ ಸಂಶಯ ಬಂದರೆ ಅದನ್ನು ಬಗೆಹರಿಸುವ ಪರೀಕ್ಷೆಯೂ ಗಡಿಯಾರದಲ್ಲಿಯೇ ಇದೆ. ಗಡಿಯಾರವನ್ನು 1,28,000ದಿಂದ 1,29,000 ಹರ್ಟ್ಸ್‌ಗೆ ತುಸುವೇ ಸರಿಸಬೇಕು. ನಿಜವಾದ 1,000 ಹರ್ಟ್ಸ್ ಸ್ವರ ಕದಲದೆ ನಿಲ್ಲುತ್ತದೆ. 1,27,000 ಹರ್ಟ್ಸ್‌ನಿಂದ ಮಡಿಚಿ ಬಂದ ಸ್ವರವಾದರೆ 2,000 ಹರ್ಟ್ಸ್‌ಗೆ ಜಿಗಿಯುತ್ತದೆ. ಗಡಿಯಾರದ ಆವೃತ್ತಿಯಲ್ಲಿಯೇ ಇದ್ದು, ಅದರೊಡನೆ ಸಮನಾಗಿ ಸರಿಯುವ ಸಣ್ಣ ಮಿಡಿತವಿದ್ದರೆ ಅದು ಸ್ವಿಚ್ಚುಗಳಿಂದ ಸೋರಿದ ಗಡಿಯಾರದ್ದೇ ಸದ್ದು. ಹೊರಬಾಗಿಲಲ್ಲಿ ಇನ್ನೊಂದು ಒರಟು ಶೋಧಕವನ್ನಿಟ್ಟು ಅದನ್ನು ಅಡಗಿಸಬಹುದು. ಗಡಿಯಾರವನ್ನು ತೀರ ನಿಧಾನಗೊಳಿಸಿದಾಗ ಮಟ್ಟವು ತಾನಾಗಿ ಇಳಿಯುತ್ತಿದ್ದರೆ, ಎರಡು ಓಡಾಟಗಳ ನಡುವಿನ ಬಿಡುವಿನಲ್ಲಿ ಧಾರಕದ ಆವೇಶ ಸೋರುತ್ತಿದೆಯೆಂದು ತಿಳಿಯಬೇಕು. ತೀರ ವೇಗಗೊಳಿಸಿದಾಗ ಆಕಾರ ಕೆಟ್ಟರೆ, ವರ್ಧಕವು ಒಂದು ಸರದಿಯೊಳಗೆ ನೆಲೆಗೆ ಬರುತ್ತಿಲ್ಲವೆಂದು ತಿಳಿಯಬೇಕು. ಈ ಎರಡು ಅಂಚುಗಳ ನಡುವಿನ ಹರವಿನಲ್ಲಿ ಮಾತ್ರ ಗಡಿಯಾರವು ರೋಧಕದ ಕೆಲಸವನ್ನು ನಂಬಿಕೆಯಿಂದ ನಡೆಸಬಲ್ಲದು.